ಬಾಯಲ್ಲಿ ಏಕವಚನ, ಬರಹದಲ್ಲಿ ಬಹುವಚನ: ಫ್ರೆಂಚರ ‘ಓನ್’

ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡವರಾಗಲಿ, ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಸಂಜೆ ತರಗತಿಗೆ ಹೋದವರಾಗಲಿ ಮೊದಲ ವಾರಗಳಲ್ಲೇ ಬಾಯಿಪಾಠ ಮಾಡುವ ಪಟ್ಟಿಯೊಂದಿದೆ. ನಾನು, ನೀನು, ಅವನು, ಅವಳು, ನಾವು, ನೀವು, ಅವರು ಎಂದು ಸಾಗುವ ಆ ಪಟ್ಟಿಯಲ್ಲಿ ‘ನಾವು’ ಎನ್ನುವುದಕ್ಕೆ ‘ನೂ’ ಎಂಬ ಪದ. ಇಷ್ಟನ್ನು ಕಲಿತು ಪ್ಯಾರಿಸ್‌ಗೋ ಲಿಯೋನ್‌ಗೋ ಹೋಗಿ ಇಳಿದವರಿಗೆ ವಿಚಿತ್ರವೊಂದು ಎದುರಾಗುತ್ತದೆ. ಮೆಟ್ರೊದಲ್ಲಿ, ಅಂಗಡಿಯಲ್ಲಿ, ಊಟದ ಮೇಜಿನಲ್ಲಿ ಕರ್ತೃವಾಗಿ ‘ನೂ’ ಕಿವಿಗೆ ಬೀಳುವುದೇ ಅಪರೂಪ. ಎಲ್ಲರ ಬಾಯಲ್ಲೂ ‘ಓನ್’.

ಬರಹದಲ್ಲಿ ಓ ಮತ್ತು ಎನ್ ಎಂಬ ಎರಡೇ ಅಕ್ಷರದ ಈ ಪುಟ್ಟ ಸರ್ವನಾಮವನ್ನು ಮೂಗಿನಿಂದ ಉಚ್ಚರಿಸುತ್ತಾರೆ. ‘ನಾವು ನಾಳೆ ಹೊರಡುತ್ತೇವೆ’ ಎನ್ನಲು ಪುಸ್ತಕ ಕಲಿಸುವುದು ‘ನೂ ಪಾರ್ತೋನ್ ದಮಾನ್’. ಜನ ಆಡುವುದು ‘ಓನ್ ಪಾರ್ ದಮಾನ್’. ಒತ್ತಿ ಹೇಳಬೇಕಾದಾಗ ಎರಡನ್ನೂ ಜೋಡಿಸಿ ‘ನೂ, ಓನ್ ಪಾರ್ ದಮಾನ್’ ಎನ್ನುತ್ತಾರೆ. ಅಂದರೆ ‘ನಾವಾದರೆ ನಾಳೆ ಹೊರಡುತ್ತೇವೆ’. ಸಮುದ್ರದಾಚೆಯ ಕೆನಡಾದಲ್ಲೂ ಇದೇ ಕತೆ. ಮಾಂಟ್ರಿಯಲ್ ನಗರದ ಫ್ರೆಂಚ್ ಭಾಷಿಕರ ಸಹಜ ಮಾತುಕತೆಯನ್ನು ಭಾಷಾಶಾಸ್ತ್ರಜ್ಞರು 1971ರಲ್ಲಿ ಧ್ವನಿಮುದ್ರಿಸಿಕೊಂಡರು. ಅದನ್ನು ಪರಿಶೀಲಿಸಿದಾಗ ಕರ್ತೃಸ್ಥಾನದಲ್ಲಿ ‘ನೂ’ ಹೆಚ್ಚುಕಡಿಮೆ ಕಾಣೆಯಾಗಿತ್ತು.

ಈ ಪದದ ಹುಟ್ಟು ತಿಳಿದರೆ ಅದರ ವ್ಯಾಕರಣ ಅರ್ಧ ಬಿಡಿಸಿದಂತೆ. ಲ್ಯಾಟಿನ್‌ನಲ್ಲಿ ಮನುಷ್ಯನಿಗೆ ‘ಹೋಮೋ’ ಎನ್ನುತ್ತಾರೆ. ಆ ಪದದ ಕರ್ಮರೂಪವಾದ ‘ಹೋಮಿನೆಮ್’ ಸವೆದು, ಗಂಡಸು ಎಂಬ ಅರ್ಥದ ಇಂದಿನ ಫ್ರೆಂಚ್ ನಾಮಪದವಾಯಿತು. ಕರ್ತೃರೂಪವಾದ ‘ಹೋಮೋ’ ಸವೆದು ‘ಓನ್’ ಎಂಬ ಸರ್ವನಾಮವಾಯಿತು. ಫ್ರೆಂಚಿನ ಅತ್ಯಂತ ಹಳೆಯ ದಾಖಲೆ ಎನಿಸಿರುವ 842ರ ಸ್ಟ್ರಾಸ್‌ಬುರ್ಗ್ ಪ್ರಮಾಣವಚನದಲ್ಲೇ ಇದರ ಪೂರ್ವರೂಪ ಸಿಗುತ್ತದೆ. ಅಲ್ಲಿ ಅದರ ಅರ್ಥ ‘ಯಾರೇ ಆಗಲಿ, ಮನುಷ್ಯನಾದವನು’ ಎಂದು. ಹೀಗೆ ಒಬ್ಬ ಮನುಷ್ಯನಿಂದ ಹುಟ್ಟಿದ್ದರಿಂದ ‘ಓನ್’ ಜೊತೆಗಿನ ಕ್ರಿಯಾಪದ ಇಂದಿಗೂ ‘ಅವನು’ ರೂಪದಲ್ಲೇ, ಏಕವಚನದಲ್ಲೇ ನಿಲ್ಲುತ್ತದೆ. ಅದು ನೂರು ಜನರನ್ನು ಸೂಚಿಸಿದರೂ ಕ್ರಿಯಾಪದ ಬದಲಾಗದು. ಇದಕ್ಕೆ ಅಪವಾದವೇ ಇಲ್ಲ.

ಹಳೆಯ ಅರ್ಥವೂ ಸತ್ತಿಲ್ಲ. ‘ಯಾರೋ ಬಾಗಿಲು ಬಡಿದರು’, ‘ಹಾಗಂತ ಹೇಳುತ್ತಾರಪ್ಪ’, ‘ಮನುಷ್ಯ ತಪ್ಪು ಮಾಡುತ್ತಾನೆ’ ಎಂಬಂಥ ಮಾತುಗಳಿಗೆಲ್ಲ ‘ಓನ್’ ಸಲ್ಲುತ್ತದೆ. ಇಂಥ ಕಡೆ ಅದು ‘ನಾವು’ ಅಲ್ಲ. ನನ್ನ ಕಾರನ್ನು ‘ಓನ್’ ಕದ್ದಿತು ಎಂದರೆ ಕದ್ದವರು ನಾವೇ ಎಂದಲ್ಲ, ಯಾರೋ ಕದ್ದರು ಎಂದಷ್ಟೇ. ಸಂದರ್ಭವೇ ಇಲ್ಲಿ ಅರ್ಥ ಹೇಳಬೇಕು.

ಮಾತಿನಲ್ಲಿ ‘ಓನ್’ ಗೆದ್ದದ್ದಕ್ಕೆ ಒಂದು ಕಾರಣ ಕಿವಿಗೇ ಗೊತ್ತಾಗುತ್ತದೆ. ತಿನ್ನು ಎಂಬ ಕ್ರಿಯಾಪದವನ್ನೇ ನೋಡೋಣ. ನಾನು, ನೀನು, ಅವನು, ಅವರು — ಈ ನಾಲ್ಕಕ್ಕೂ ಬರಹದಲ್ಲಿ ಕೊನೆಯ ಅಕ್ಷರಗಳು ಬೇರೆಬೇರೆ ಇದ್ದರೂ ಬಾಯಲ್ಲಿ ಬರುವುದು ಒಂದೇ ‘ಮಾಂಜ್’. ‘ನೂ’ ಬಂದರೆ ಮಾತ್ರ ‘ಮಾಂಜೋನ್’, ‘ವೂ’ ಬಂದರೆ ‘ಮಾಂಜೆ’. ‘ನೂ’ ಬಿಟ್ಟು ‘ಓನ್’ ಹಿಡಿದರೆ ಮತ್ತೆ ಅದೇ ‘ಮಾಂಜ್’. ನೆನಪಿಡಬೇಕಾದ ಒಂದು ರೂಪ ಕಡಿಮೆಯಾಯಿತು. ‘ತಿಂದೆ, ತಿಂದೆವು, ತಿಂದರು’ ಎಂದು ಪುರುಷವಚನವನ್ನೆಲ್ಲ ಕ್ರಿಯಾಪದದ ತುದಿಯಲ್ಲೇ ಕೇಳಿಸುವ ಕನ್ನಡಿಗರಿಗೆ ಈ ಸವೆತ ಹೊಸದೆನಿಸಬಹುದು.

ತೊಡಕು ಶುರುವಾಗುವುದು ಪೆನ್ನು ಹಿಡಿದಾಗ. ಫ್ರೆಂಚ್‌ನಲ್ಲಿ ಹೋಗು, ಬಾ, ಉಳಿ ಮೊದಲಾದ ಕೆಲವು ಕ್ರಿಯಾಪದಗಳ ಭೂತಕಾಲ ‘ಇರು’ ಎಂಬ ಸಹಾಯಕ ಕ್ರಿಯಾಪದದೊಡನೆ ರಚನೆಯಾಗುತ್ತದೆ. ಆಗ ಭೂತಕೃದಂತ, ಅಂದರೆ ‘ಹೋದ’, ‘ಬಂದ’ ಎಂಬಂಥ ರೂಪ, ವಿಶೇಷಣದಂತೆ ಕರ್ತೃವಿನ ಲಿಂಗವಚನಕ್ಕೆ ಹೊಂದಬೇಕು. ‘ಆಲೆ’ ಎಂದರೆ ಹೋದ. ಅದಕ್ಕೆ ಎಸ್ ಸೇರಿಸಿದರೆ ಗಂಡಸರ ಅಥವಾ ಗಂಡು-ಹೆಣ್ಣು ಬೆರೆತ ಗುಂಪು; ಇ ಸೇರಿಸಿದರೆ ಒಬ್ಬ ಹೆಂಗಸು; ಇ ಮತ್ತು ಎಸ್ ಎರಡನ್ನೂ ಸೇರಿಸಿದರೆ ಹೆಂಗಸರ ಗುಂಪು. ನಾಲ್ಕೂ ರೂಪಗಳ ಉಚ್ಚಾರ ‘ಆಲೆ’ಯೇ. ಕನ್ನಡ ಲಿಪಿಯಲ್ಲಿ ಬರೆದರೆ ವ್ಯತ್ಯಾಸವೇ ಕಾಣದು. ಹೀಗಿರುವಾಗ ‘ಓನ್ ಎ ಆಲೆ’ ಎಂದು ನಾವೆಲ್ಲ ಹೋದದ್ದನ್ನು ಬರೆಯುವಾಗ ಕೊನೆಗೆ ಎಸ್ ಹಾಕಬೇಕೆ? ಕ್ರಿಯಾಪದ ಏಕವಚನ, ಹೋದವರು ಹಲವರು. ಯಾರ ಮಾತು ಕೇಳಬೇಕು?

ಹಳೆಯ ಕಟ್ಟುನಿಟ್ಟಿನ ನಿಯಮ ರೂಪದ ಪರ. ‘ಓನ್’ ಪುಲ್ಲಿಂಗ ಏಕವಚನ, ಆದ್ದರಿಂದ ಏನೂ ಸೇರಿಸಬಾರದು. ಬಳಕೆ ಮಾತ್ರ ಅರ್ಥದ ಪರ ನಿಂತಿತು. ಪದದ ರೂಪವನ್ನು ಬಿಟ್ಟು ಅದು ಸೂಚಿಸುವ ಜನರಿಗೆ ಹೊಂದಿಸುವ ಈ ಕ್ರಮಕ್ಕೆ ಫ್ರೆಂಚ್ ವೈಯಾಕರಣರು ‘ಸಿಲೆಪ್ಸ್’ ಎನ್ನುತ್ತಾರೆ. 1976ರ ಡಿಸೆಂಬರ್ 28ರಂದು ಫ್ರಾನ್ಸಿನ ಶಿಕ್ಷಣ ಸಚಿವ ರೆನೆ ಆಬಿ ಹೊರಡಿಸಿದ ಆದೇಶದಲ್ಲಿ ಈ ಪ್ರಶ್ನೆಗೆ ಉತ್ತರವಿದೆ. ಪರೀಕ್ಷೆಗಳಲ್ಲಿ ತಪ್ಪೆಂದು ಎಣಿಸಬಾರದ ಬಳಕೆಗಳ ಪಟ್ಟಿ ಅದು. ‘ಓನ್’ ಜೊತೆಗಿನ ಕೃದಂತ ಪುಲ್ಲಿಂಗ ಏಕವಚನದಲ್ಲಿರುವುದು ರೂಢಿ ಎಂದು ಮೊದಲು ಹೇಳಿ, ‘ಓನ್’ ಒಬ್ಬ ಹೆಂಗಸನ್ನೋ ಹಲವರನ್ನೋ ಸೂಚಿಸುವಾಗ ಕೃದಂತಕ್ಕೆ ಆ ಲಿಂಗವಚನದ ಗುರುತು ಬಂದರೂ ಒಪ್ಪಿಕೊಳ್ಳಬೇಕೆಂದು ಆದೇಶ ಹೇಳುತ್ತದೆ. ಸೇರಿಸಲೇಬೇಕು ಎಂದಲ್ಲ, ಸೇರಿಸಿದರೆ ತಪ್ಪಲ್ಲ ಎಂದು.

ಎಸ್ ಸೇರಿಸುವುದೇ ಮೇಲು ಎನ್ನಲು ಗಟ್ಟಿಯಾದ ಆಧಾರ ಬರಹದಲ್ಲಿ ಹುಡುಕಬೇಕಿಲ್ಲ, ಅದು ಮಾತಿನಲ್ಲೇ ಇದೆ. ಎಲ್ಲ ವಿಶೇಷಣಗಳ ತುದಿಯೂ ಮೂಕವಲ್ಲ. ಸಮಾನ ಎಂಬುದಕ್ಕೆ ಏಕವಚನ ‘ಎಗಾಲ್’, ಬಹುವಚನ ‘ಎಗೋ’. ‘ನಾವೆಲ್ಲ ಸಮಾನರು’ ಎನ್ನುವ ಫ್ರೆಂಚರು ‘ಓನ್ ಎ ತೂಸ್ ಎಗೋ’ ಎಂದೇ ಹೇಳುತ್ತಾರೆ. ಆ ಜಾಗದಲ್ಲಿ ‘ಎಗಾಲ್’ ಯಾರ ಬಾಯಿಂದಲೂ ಬಾರದು. ಹಾಗೆಯೇ ಸಂತೋಷವಾಗಿರುವ ಗಂಡಸು ‘ಕೋಂತಾನ್’, ಹೆಂಗಸು ‘ಕೋಂತಾಂತ್’. ಗೆಳತಿಯರ ಗುಂಪು ತಮ್ಮ ಖುಷಿಯನ್ನು ಹೇಳಿಕೊಳ್ಳುವಾಗ ‘ಓನ್ ಎ ಕೋಂತಾಂತ್’ ಎನ್ನುತ್ತದೆ, ಕೊನೆಯ ‘ತ್’ ಸ್ಪಷ್ಟವಾಗಿ ಕೇಳುತ್ತದೆ. ಕಿವಿಗೆ ಕೇಳುವ ಕಡೆ ಮಾತೇ ಹೊಂದಿಕೆ ಮಾಡಿಕೊಂಡಿರುವಾಗ, ಕೇಳದ ಕಡೆ ಬರಹ ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇನ್ನು ಒಂದು ಪತ್ರವನ್ನೇ ಬಿಡಿಸಿ ನೋಡಬಹುದು. ಮೂವರು ಗೆಳತಿಯರು ರಜೆಯಿಂದ ಮನೆಗೆ ಬರೆಯುತ್ತಾರೆ ಎನ್ನಿ: ‘ನಿನ್ನೆ ಕಡಲತೀರಕ್ಕೆ ಹೋದೆವು. ನೀರಿನಲ್ಲಿ ಆಡಿದೆವು. ಐಸ್‌ಕ್ರೀಮ್ ತಿಂದೆವು. ಒಬ್ಬರಿಗೊಬ್ಬರು ಊರಿನ ಕತೆ ಹೇಳಿಕೊಂಡೆವು. ನಮ್ಮ ಕೋಣೆಗೆ ಮರಳಿದೆವು.’ ಐದು ವಾಕ್ಯಕ್ಕೂ ಕರ್ತೃ ‘ಓನ್’.

ಹೋದೆವು ಎಂಬಲ್ಲಿ ಸಹಾಯಕ ‘ಇರು’, ಬರೆಯುವವರು ಹೆಂಗಸರು. ಆದ್ದರಿಂದ ‘ಆಲೆ’ಗೆ ಇ, ಎಸ್ ಎರಡೂ ಬೇಕು. ನೀರಿನಲ್ಲಿ ಆಡಿದೆವು ಎಂಬುದು ಫ್ರೆಂಚ್‌ನಲ್ಲಿ ‘ನಮ್ಮನ್ನು ನಾವೇ ನೀರಿನಲ್ಲಿ ಅದ್ದಿಕೊಂಡೆವು’ ಎಂಬ ಆತ್ಮಾರ್ಥಕ ರಚನೆ; ಅದ್ದಿದ್ದು ನಮ್ಮನ್ನೇ ಆದ್ದರಿಂದ ಅಲ್ಲೂ ಇ, ಎಸ್. ತಿಂದೆವು ಎಂಬಲ್ಲಿ ಸಹಾಯಕ ಕ್ರಿಯಾಪದ ಬದಲಾಗಿದೆ: ಅದು ‘ಹೊಂದಿರು’ ಎಂಬ ಅರ್ಥದ ‘ಆವ್ವಾರ್’. ಈ ಸಹಾಯಕ ಬಂದಾಗ ಕೃದಂತ ಕರ್ತೃವಿಗೆ ಎಂದೂ ಹೊಂದುವುದಿಲ್ಲ, ಹಾಗಾಗಿ ಏನನ್ನೂ ಸೇರಿಸಬಾರದು. ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲೇ. ‘ಓನ್’ ಬಹುವಚನ ಎಂದು ಕಲಿತ ಉತ್ಸಾಹದಲ್ಲಿ ತಿಂದದ್ದಕ್ಕೂ ಎಸ್ ಅಂಟಿಸುತ್ತಾರೆ. ‘ನೂ’ ಇದ್ದಿದ್ದರೂ ಅಲ್ಲಿ ಎಸ್ ಬರುತ್ತಿರಲಿಲ್ಲ ಎಂದು ನೆನೆದರೆ ಸಾಕು.

ನಾಲ್ಕನೆಯ ವಾಕ್ಯ ಮೋಸದ್ದು. ಅದೂ ಆತ್ಮಾರ್ಥಕವೇ, ಸಹಾಯಕವೂ ‘ಇರು’. ಆದರೆ ಹೇಳಿದ್ದು ಏನನ್ನು? ಕತೆಯನ್ನು. ಯಾರಿಗೆ? ಒಬ್ಬರಿಗೊಬ್ಬರು. ಇಲ್ಲಿ ‘ನಮ್ಮನ್ನು’ ಇಲ್ಲ, ‘ನಮಗೆ’ ಇದೆ. ಕತೆ ಎಂಬ ಕರ್ಮಪದವೂ ಕೃದಂತದ ನಂತರ ಬರುತ್ತದೆ. ಆದ್ದರಿಂದ ಸೇರ್ಪಡೆ ಇಲ್ಲ. ಫೋನ್ ಮಾಡಿಕೊಂಡೆವು, ಮಾತಾಡಿಕೊಂಡೆವು ಎಂಬುವಕ್ಕೂ ಇದೇ ನ್ಯಾಯ. ದ್ವಿತೀಯಾ, ಚತುರ್ಥಿ ವಿಭಕ್ತಿಗಳ ಬೇಧ ಚೆನ್ನಾಗಿ ಬಲ್ಲ ಕನ್ನಡಿಗರಿಗೆ ಇದು ಬಹಳ ಕಷ್ಟವಾಗಬೇಕಿಲ್ಲ. ಆದರೆ ಕೆಲವು ಕ್ರಿಯಾಪದಗಳ ವಿಭಕ್ತಿ ಫ್ರೆಂಚಿನಲ್ಲಿ ಬೇರೆ ಇರುವುದರಿಂದ ನಿಘಂಟು ನೋಡಿಕೊಳ್ಳುವುದು ಒಳ್ಳೆಯದು. ಐದನೆಯದಾದ ಮರಳಿದೆವು ಮೊದಲನೆಯದರಂತೆಯೇ, ಇ ಮತ್ತು ಎಸ್ ಸಹಿತ. ಅದೇ ವಾಕ್ಯದ ‘ನಮ್ಮ ಕೋಣೆ’ಗೆ ‘ನೂ’ ಕುಲದ ‘ನೋತ್ರ್’ ಎಂಬ ಪದವನ್ನೇ ಬರೆಯಬೇಕು. ‘ತನ್ನ’ ಎಂಬ ಅರ್ಥದ ‘ಸೋನ್’, ‘ಸಾ’ ಸಲ್ಲುವುದು ‘ಓನ್’ ಯಾರೋ ಒಬ್ಬ ಮನುಷ್ಯ ಎಂಬ ಅರ್ಥದಲ್ಲಿದ್ದಾಗ ಮಾತ್ರ.

ಹೊಂದಿಕೆಗೆ ಸೇರದ, ಆದರೆ ‘ಓನ್’ ಬರೆಯುವಾಗಲೆಲ್ಲ ಕಾಡುವ ಇನ್ನೊಂದು ತಪ್ಪನ್ನೂ ಹೇಳಲೇಬೇಕು. ಫ್ರೆಂಚಿನ ನಿಷೇಧಕ್ಕೆ ಕ್ರಿಯಾಪದದ ಮುಂದೆ ಎನ್ ಅಕ್ಷರ ಬೇಕು. ಆದರೆ ಮುಂದಿನ ಪದ ಸ್ವರದಿಂದ ಶುರುವಾದರೆ ‘ಓನ್’ನ ತುದಿಯ ಎನ್ ತಾನಾಗಿಯೇ ಆ ಸ್ವರಕ್ಕೆ ಅಂಟಿ ಕೇಳುತ್ತದೆ. ‘ನಾವು ಏನೂ ಕೇಳಿಸಿಕೊಳ್ಳುತ್ತಿಲ್ಲ’ ಎಂದು ಬರೆಯುವಾಗ ನಿಷೇಧದ ಎನ್ ಇದ್ದರೂ ಬಿಟ್ಟರೂ ಸದ್ದು ಒಂದೇ. ಹಾಗಾಗಿ ಫ್ರೆಂಚ್ ಮಕ್ಕಳೂ ಅದನ್ನು ನುಂಗಿಬಿಡುತ್ತಾರೆ. ಪರೀಕ್ಷಿಸುವ ಉಪಾಯ ಸುಲಭ: ‘ಓನ್’ ತೆಗೆದು ಆ ಜಾಗದಲ್ಲಿ ‘ಅವನು’ ಎಂಬ ‘ಇಲ್’ ಹಾಕಿ ಓದುವುದು. ಎನ್ ಬೇಕಿದ್ದರೆ ಅದರ ಕೊರತೆ ಆಗ ಕಿವಿಗೆ ತಟ್ಟುತ್ತದೆ.

‘ನೂ’ ಮಾಯವಾಗಿಲ್ಲ ಎಂಬುದೂ ಗಮನದಲ್ಲಿರಲಿ. ‘ಓನ್’ ಕರ್ತೃವಾಗಬಲ್ಲದೇ ಹೊರತು ಕರ್ಮವಾಗಲಾರದು. ‘ನಮ್ಮನ್ನು ನೋಡಿದರು’, ‘ನಮ್ಮಲ್ಲಿ’, ‘ನಮ್ಮ ಜೊತೆ’ ಎಲ್ಲಕ್ಕೂ ‘ನೂ’ವೇ ಗತಿ. ಪತ್ರಿಕಾ ಸಂಪಾದಕೀಯ, ಕರಾರು, ಅರ್ಜಿ, ಭಾಷಣಗಳಲ್ಲಿ ಕರ್ತೃವಾಗಿಯೂ ಅದರ ಸ್ಥಾನ ಗಟ್ಟಿಯಾಗಿದೆ. ಕಲಿಯುವವರಿಗೆ ಹೇಳಬೇಕಾದದ್ದು ಇಷ್ಟು. ಗೆಳೆಯನಿಗೆ ಪತ್ರ ಬರೆಯಲು ಕೇಳಿದ್ದರೆ ‘ಓನ್’ ಬಳಸಿ, ಗುಂಪನ್ನು ಸೂಚಿಸುವ ಕಡೆ ಎಸ್ ಸೇರಿಸಿ. ಮೇಯರ್‌ಗೆ ಅರ್ಜಿ ಬರೆಯಲು ಕೇಳಿದ್ದರೆ ‘ನೂ’ ಹಿಡಿಯಿರಿ. ಯಾವುದನ್ನೇ ಆರಿಸಿಕೊಂಡರೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದನ್ನೇ ಉಳಿಸಿಕೊಳ್ಳಿ. ಒಂದೇ ಪುಟದಲ್ಲಿ ಎರಡನ್ನೂ ಬೆರೆಸಿದರೆ ತಿದ್ದುವ ಮೇಷ್ಟರ ಕೆಂಪು ಗೆರೆ ಖಂಡಿತ ಬೀಳುತ್ತದೆ.