ಗಣಿತದ ಸಾಧನೆ: ಓದುವ ಬಗೆ, ಬರೆಯುವ ಬಗೆ

ಒಂದು ಹೇಳಿಕೆ ನಿಜ ಎಂಬುದನ್ನು, ಮೊದಲೇ ಗೊತ್ತಿರುವ ಸಂಗತಿಗಳಿಂದ ಹೊರಟು, ನಡುವೆ ಎಲ್ಲೂ ಜಿಗಿಯದೆ ತೋರಿಸುವ ಬರಹಕ್ಕೆ ಗಣಿತದಲ್ಲಿ ಸಾಧನೆ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿ ಓದಿದವರಿಗೆಲ್ಲ ಇದರ ಪರಿಚಯವಿದೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ತಲೆಬರಹ ಹಾಕಿ ಥೇಲ್ಸ್ ಪ್ರಮೇಯವನ್ನೋ ಪೈಥಾಗೊರಸ್ ಪ್ರಮೇಯವನ್ನೋ ಬರೆದರೆ ಅಂಕ ಬರುತ್ತಿತ್ತು. ಬಾಯಿಪಾಠ ಮಾಡಿ ಬರೆದರೂ ಬರುತ್ತಿತ್ತು. ಬಿ.ಎಸ್ಸಿ. ಮೊದಲ ವರ್ಷದಲ್ಲಿ ತೊಡಕು ಶುರುವಾಗುವುದು ಇಲ್ಲಿಯೇ. ಅಲ್ಲಿ ಕೇಳುವ ಪ್ರಶ್ನೆ ಪುಸ್ತಕದಲ್ಲಿರುವ ಪ್ರಮೇಯವಲ್ಲ, ಅದರ ಪಕ್ಕದ ಇನ್ನೊಂದು. ಪುಸ್ತಕದ ಸಾಧನೆಯಲ್ಲಿ ಯಾವ ಸಾಲು ಯಾವ ಕೆಲಸ ಮಾಡುತ್ತಿದೆ ಎಂದು ತಿಳಿಯದವರಿಗೆ ಪಕ್ಕದ ಪ್ರಶ್ನೆ ಪೂರ್ತಿ ಹೊಸದಾಗಿ ಕಾಣುತ್ತದೆ.

ಇದನ್ನು ನೋಡಲು ಒಂದು ಹಳೆಯ ಸಾಧನೆ ಸಾಕು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ ಎಂಬುದು ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ 9ನೇ ಭಾಗದ 20ನೇ ಪ್ರಮೇಯ. ಇಂದಿನ ಬರವಣಿಗೆಯಲ್ಲಿ ಅದರ ಸಾಧನೆ ಹೀಗಿದೆ:

p₁, p₂, …, pᵣ ಎಂಬ ಅವಿಭಾಜ್ಯ ಸಂಖ್ಯೆಗಳ ಒಂದು ಪಟ್ಟಿ ಇರಲಿ. N = p₁p₂…pᵣ + 1 ಎಂದಿಟ್ಟುಕೊಳ್ಳೋಣ. N ಗೆ ಒಂದು ಅವಿಭಾಜ್ಯ ಅಪವರ್ತನ q ಇದ್ದೇ ಇದೆ. q ಪಟ್ಟಿಯಲ್ಲೇ ಇದ್ದರೆ ಅದು p₁p₂…pᵣ ಅನ್ನೂ ಭಾಗಿಸುತ್ತದೆ, N ಅನ್ನೂ ಭಾಗಿಸುತ್ತದೆ. ಹಾಗಾಗಿ ಅವೆರಡರ ವ್ಯತ್ಯಾಸವಾದ 1 ಅನ್ನೂ ಭಾಗಿಸಬೇಕು. ಅದು ಆಗದ ಮಾತು. ಆದ್ದರಿಂದ q ಪಟ್ಟಿಯಲ್ಲಿಲ್ಲದ ಅವಿಭಾಜ್ಯ ಸಂಖ್ಯೆ.

ಕಾದಂಬರಿಯ ಪುಟದಂತೆ ಓದಿದರೆ ಇದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಅರ್ಥವಾಯಿತು ಎಂದೂ ಅನ್ನಿಸುತ್ತದೆ. ಪುಸ್ತಕ ಮುಚ್ಚಿಟ್ಟು ಬರೆಯಲು ಹೇಳಿದಾಗ ಉತ್ತರ ಪತ್ರಿಕೆಯಲ್ಲಿ ಮತ್ತೆ ಮತ್ತೆ ಕಾಣುವ ಸಾಲು ಬೇರೆಯೇ: ‘ಅವಿಭಾಜ್ಯಗಳನ್ನು ಗುಣಿಸಿ 1 ಕೂಡಿಸಿದರೆ ಹೊಸ ಅವಿಭಾಜ್ಯ ಸಿಗುತ್ತದೆ.’ ಮೇಲಿನ ಸಾಧನೆಯಲ್ಲಿ ಈ ಮಾತು ಎಲ್ಲೂ ಇಲ್ಲ. ಅದು ಸುಳ್ಳೂ ಹೌದು. 2, 3, 5, 7, 11 ರವರೆಗೆ ಹೀಗೆ ಮಾಡುತ್ತ ಹೋದರೆ 3, 7, 31, 211, 2311 ಬರುತ್ತವೆ, ಎಲ್ಲವೂ ಅವಿಭಾಜ್ಯಗಳೇ. ಅಷ್ಟರಲ್ಲಿ ನಂಬಿಕೆ ಗಟ್ಟಿಯಾಗಿರುತ್ತದೆ. 13 ಅನ್ನು ಸೇರಿಸಿದೊಡನೆ 30031 ಬರುತ್ತದೆ. ಅದು 59 × 509.

ಇಂಥ ತಪ್ಪು ಓದನ್ನು ತಡೆಯುವ ಉಪಾಯ ಸರಳ. ಸಾಧನೆಯ ಪಕ್ಕದಲ್ಲೇ ಒಂದು ಸಣ್ಣ ಉದಾಹರಣೆಯನ್ನು ಪೆನ್ಸಿಲ್‌ನಲ್ಲಿ ನಡೆಸುತ್ತ ಹೋಗುವುದು. ಮೊದಲ ಕೆಲವು ಅವಿಭಾಜ್ಯಗಳನ್ನೇ ಆರಿಸಬೇಕೆಂದಿಲ್ಲ. ಸಾಧನೆ ಬರೀ ‘ಒಂದು ಪಟ್ಟಿ’ ಎಂದಿದೆ. ಪಟ್ಟಿಯಲ್ಲಿ 5 ಮತ್ತು 11 ಮಾತ್ರ ಇರಲಿ. N = 56. ಅದು 2 × 2 × 2 × 7. ಹೊಸದಾಗಿ ಸಿಕ್ಕಿದ್ದು 2 ಮತ್ತು 7. ಅಂದರೆ N ಅವಿಭಾಜ್ಯವಾಗಬೇಕಿಲ್ಲ, ಹೊಸ ಅವಿಭಾಜ್ಯ ಪಟ್ಟಿಯಲ್ಲಿರುವವಕ್ಕಿಂತ ದೊಡ್ಡದಾಗಬೇಕೆಂದೂ ಇಲ್ಲ. ಸಾಧನೆ ಭರವಸೆ ಕೊಟ್ಟದ್ದು ಒಂದೇ ಸಂಗತಿಗೆ: q ಪಟ್ಟಿಯ ಹೊರಗಿದೆ.

ಇದಾದ ಮೇಲೆ ಒಂದೊಂದು ಸಾಲಿಗೂ ‘ಏಕೆ’ ಎಂದು ಕೇಳಬೇಕು. ‘N ಗೆ ಒಂದು ಅವಿಭಾಜ್ಯ ಅಪವರ್ತನ ಇದ್ದೇ ಇದೆ’ ಎಂಬ ಸಾಲನ್ನು ಪುಸ್ತಕಗಳು ಕಾರಣ ಕೊಡದೆ ದಾಟಿಬಿಡುತ್ತವೆ. ಕಾರಣವನ್ನು ಓದುಗನೇ ತುಂಬಿಕೊಳ್ಳಬೇಕು: 1ಕ್ಕಿಂತ ದೊಡ್ಡದಾದ N ನ ಭಾಜಕಗಳಲ್ಲಿ 1 ಅನ್ನು ಬಿಟ್ಟು ಅತಿ ಚಿಕ್ಕದನ್ನು ತೆಗೆದುಕೊಂಡರೆ ಅದು ಅವಿಭಾಜ್ಯವೇ ಆಗಿರುತ್ತದೆ; ಇಲ್ಲದಿದ್ದರೆ ಅದರ ಭಾಜಕವೊಂದು N ಅನ್ನೂ ಭಾಗಿಸುತ್ತಿತ್ತು, ಅದು ಇನ್ನೂ ಚಿಕ್ಕದಾಗಿರುತ್ತಿತ್ತು. ಪುಸ್ತಕದ ಒಂದು ಸಾಲಿಗೆ ಅಂಚಿನಲ್ಲಿ ಮೂರು ಸಾಲು ಬರೆಯಬೇಕಾಗಿ ಬಂದರೆ ಅದು ದಡ್ಡತನವಲ್ಲ, ಗಣಿತವನ್ನು ಓದುವ ರೀತಿಯೇ ಅದು.

ಇನ್ನೊಂದು ಪರೀಕ್ಷೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ: ಸಾಧನೆಯ ಒಂದು ಭಾಗವನ್ನು ಬೇಕೆಂದೇ ಬದಲಿಸಿ, ಅದು ಎಲ್ಲಿ ಮುರಿಯುತ್ತದೆ ಎಂದು ನೋಡುವುದು. 1ರ ಬದಲು 2 ಕೂಡಿಸಿದರೆ? ಪಟ್ಟಿ 2, 3 ಆದರೆ N = 8, ಅದರ ಏಕೈಕ ಅವಿಭಾಜ್ಯ ಅಪವರ್ತನ 2, ಅದಾಗಲೇ ಪಟ್ಟಿಯಲ್ಲಿದೆ. ಸಾಲುಸಾಲಾಗಿ ನೋಡಿದರೆ ಮುರಿದದ್ದು ‘ವ್ಯತ್ಯಾಸವನ್ನೂ ಭಾಗಿಸಬೇಕು’ ಎಂಬಲ್ಲಿ. ವ್ಯತ್ಯಾಸ 2 ಆದಾಗ q ಅದನ್ನು ಭಾಗಿಸುವುದರಲ್ಲಿ ಯಾವ ಅಡ್ಡಿಯೂ ಇಲ್ಲ. 1 ಅನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆ ಇಲ್ಲ ಎಂಬುದೇ ಇಡೀ ಸಾಧನೆಯ ಗುಟ್ಟು ಎಂದು ಆಗ ಕಾಣುತ್ತದೆ. ನೆನಪಿಟ್ಟುಕೊಳ್ಳಬೇಕಾದ್ದು ಅದೊಂದೇ, ಉಳಿದದ್ದನ್ನು ಅದರಿಂದ ಮತ್ತೆ ಕಟ್ಟಿಕೊಳ್ಳಬಹುದು.

ಈಗ ಬರೆಯುವ ವಿಷಯ. ಪರೀಕ್ಷೆಯಲ್ಲಿ ಬರಬಹುದಾದ ಪಕ್ಕದ ಪ್ರಶ್ನೆ ಇದು: 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳು, ಎಂದರೆ 3, 7, 11, 19, 23 ಮುಂತಾದವು, ಎಷ್ಟು ಬೇಕಾದರೂ ಇವೆ ಎಂದು ಸಾಧಿಸಿ. ಇವು 4k + 3 ರೂಪದವು.

ಉತ್ತರ ಮೊದಲು ಹುಟ್ಟುವುದು ಚಿತ್ತು ಹಾಳೆಯಲ್ಲಿ. ಯೂಕ್ಲಿಡ್‌ನ ದಾರಿಯಲ್ಲೇ 3 ಮತ್ತು 7 ಅನ್ನು ಗುಣಿಸಿ 1 ಕೂಡಿಸಿದರೆ 22. ಅದರ ಅಪವರ್ತನಗಳಲ್ಲಿ 11 ಇದೆ, ಕೆಲಸ ಆಯಿತು. ಆದರೆ 3 ಒಂದನ್ನೇ ತೆಗೆದುಕೊಂಡರೆ 3 + 1 = 4, ಅಲ್ಲಿ ಬರೀ 2. ಹೊಸ ಅವಿಭಾಜ್ಯ ಸಿಗುವುದಷ್ಟೇ ಸಾಲದು, ಅದು 4k + 3 ರೂಪದ್ದೂ ಆಗಬೇಕು. ಹಾಗಾದರೆ N ಅನ್ನೇ 4k + 3 ರೂಪದಲ್ಲಿ ಕಟ್ಟಿಕೊಳ್ಳುವುದು ಸಹಜ. ಗುಣಲಬ್ಧವನ್ನು 4ರಿಂದ ಗುಣಿಸಿ 1 ಕಳೆದರೆ ಶೇಷ 3 ಬರುತ್ತದೆ, ಪಟ್ಟಿಯಲ್ಲಿರುವವುಗಳೊಂದಿಗಿನ ವ್ಯತ್ಯಾಸ 1 ಆಗಿಯೇ ಉಳಿಯುತ್ತದೆ. 3, 7, 11 ಕ್ಕೆ ಹೀಗೆ ಮಾಡಿದರೆ 4 × 231 − 1 = 923 = 13 × 71. ಇದರಲ್ಲಿ 13 ಬೇಡದ ರೂಪದ್ದು, 71 ಬೇಕಾದದ್ದು. ಬೇಕಾದದ್ದು ಒಂದಾದರೂ ಯಾವಾಗಲೂ ಇರುತ್ತದೆಯೇ? ಬೆಸ ಅವಿಭಾಜ್ಯವೊಂದು 4k + 1 ಇಲ್ಲವೇ 4k + 3 ರೂಪದಲ್ಲಿರುತ್ತದೆ. ಎಲ್ಲ ಅಪವರ್ತನಗಳೂ 4k + 1 ರೂಪದವಾದರೆ ಗುಣಲಬ್ಧವೂ ಅದೇ ರೂಪದಲ್ಲಿ ಬರುವಂತೆ ಕಾಣುತ್ತದೆ. ಅದನ್ನು ತೋರಿಸಿದರೆ ಮುಗಿಯಿತು.

ಚಿತ್ತು ಹಾಳೆಯಲ್ಲಿ ಯೋಚನೆ ಗುರಿಯಿಂದ ಹಿಂದಕ್ಕೆ ಹೋಗಬಹುದು, ಅಡ್ಡಾದಿಡ್ಡಿ ಓಡಬಹುದು. ಉತ್ತರ ಪತ್ರಿಕೆಯಲ್ಲಿ ಅದು ದತ್ತದಿಂದ ಸಾಧನೀಯದ ಕಡೆಗೇ ಸಾಗಬೇಕು:

4k + 3 ರೂಪದ ಅವಿಭಾಜ್ಯಗಳ ಯಾವುದೇ ಪಟ್ಟಿ p₁, p₂, …, pᵣ ಇರಲಿ. N = 4p₁p₂…pᵣ − 1 ಎಂದಿಟ್ಟುಕೊಳ್ಳೋಣ. N ಬೆಸ ಸಂಖ್ಯೆ. ಆದ್ದರಿಂದ ಅದರ ಅವಿಭಾಜ್ಯ ಅಪವರ್ತನಗಳೆಲ್ಲ ಬೆಸ. (4a + 1)(4b + 1) = 4(4ab + a + b) + 1 ಆದ್ದರಿಂದ, 4k + 1 ರೂಪದ ಸಂಖ್ಯೆಗಳನ್ನು ಎಷ್ಟು ಗುಣಿಸಿದರೂ ಅದೇ ರೂಪದ ಸಂಖ್ಯೆ ಬರುತ್ತದೆ. ಆದರೆ N ಅನ್ನು 4ರಿಂದ ಭಾಗಿಸಿದಾಗ ಶೇಷ 3. ಆದ್ದರಿಂದ N ನ ಅವಿಭಾಜ್ಯ ಅಪವರ್ತನಗಳಲ್ಲಿ ಒಂದಾದರೂ 4k + 3 ರೂಪದ್ದು. ಅದು q ಆಗಿರಲಿ. q ಪಟ್ಟಿಯಲ್ಲಿದ್ದರೆ ಅದು 4p₁p₂…pᵣ ಅನ್ನೂ N ಅನ್ನೂ ಭಾಗಿಸುತ್ತದೆ, ಹಾಗಾಗಿ 1 ಅನ್ನೂ ಭಾಗಿಸಬೇಕು, ಅದು ಅಸಾಧ್ಯ. ಆದ್ದರಿಂದ ಇಂಥ ಯಾವ ಪಟ್ಟಿಯೂ ಪೂರ್ಣವಲ್ಲ.

ಇದರಲ್ಲಿ ಒಂದು ಕಡೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುತ್ತಾರೆ. ಎರಡು ಸಂಖ್ಯೆಗಳಿಗೂ ಒಂದೇ ಅಕ್ಷರ ಬಳಸಿ (4k + 1)(4k + 1) ಎಂದು ಬರೆಯುತ್ತಾರೆ. ಆಗ ಸಾಧಿಸಿದ್ದು ಒಂದು ಸಂಖ್ಯೆಯ ವರ್ಗದ ವಿಷಯ ಮಾತ್ರ. 5 × 13 ಅದರಲ್ಲಿ ಸೇರುವುದೇ ಇಲ್ಲ. ಎರಡು ಬೇರೆ ಸಂಖ್ಯೆಗಳಿಗೆ a, b ಎಂದು ಎರಡು ಅಕ್ಷರ ಬೇಕು. ಅದಕ್ಕೇ ಅಕ್ಷರವೊಂದು ಕಾಣಿಸಿಕೊಂಡ ಕಡೆಯೆಲ್ಲ ‘ಇದು ಯಾರು, ಎಲ್ಲಿಂದ ಬಂತು’ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮೇಲಿನ ಬರಹದಲ್ಲಿ q ಬರುವ ಮೊದಲು ಅಂಥದ್ದೊಂದು ಇದೆ ಎಂದು ತೋರಿಸಲಾಗಿದೆ. ‘ಇರಲಿ’ ಎಂದ ಮಾತ್ರಕ್ಕೆ ಯಾವುದೂ ಹುಟ್ಟುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು: ಸಾಧಿಸಬೇಕಾದದ್ದನ್ನೇ ಮೊದಲ ಸಾಲಿನಲ್ಲಿ ಬರೆದು, ಅಲ್ಲಿಂದ ಗೊತ್ತಿರುವ ನಿಜಕ್ಕೆ ಬಂದು ‘ಸಾಧಿಸಲಾಯಿತು’ ಎನ್ನುವುದು. ಈ ರೀತಿ 1 = −1 ಅನ್ನೂ ಸಾಧಿಸಬಹುದು. ಎರಡು ಬದಿಗಳನ್ನೂ ವರ್ಗ ಮಾಡಿದರೆ 1 = 1 ಬರುತ್ತದೆ, ಅದು ನಿಜವೇ. ಸುಳ್ಳಿನಿಂದ ಹೊರಟೂ ನಿಜವನ್ನು ಮುಟ್ಟಬಹುದಾದ್ದರಿಂದ ಕೊನೆಯ ಸಾಲು ನಿಜವಾದ ಮಾತ್ರಕ್ಕೆ ಮೊದಲ ಸಾಲು ನಿಜವಾಗದು.

ಬರೆದದ್ದು ನಿಜಕ್ಕೂ ಅರ್ಥವಾಗಿದೆಯೇ ಎಂದು ತಿಳಿಯಲು ಅದೇ ಸಾಧನೆಯನ್ನು 4k + 1 ರೂಪದ ಅವಿಭಾಜ್ಯಗಳಿಗೆ (5, 13, 17, 29…) ಹೊಂದಿಸಲು ನೋಡಬೇಕು. ಪಟ್ಟಿಯಲ್ಲಿ 5 ಮಾತ್ರ ಇದ್ದರೆ 4 × 5 + 1 = 21. ಅದು 4k + 1 ರೂಪದ್ದೇ, ಆದರೆ ಅದರ ಅಪವರ್ತನಗಳು 3 ಮತ್ತು 7; ಎರಡೂ 4k + 3 ರೂಪದವು. ಆ ರೂಪದ ಎರಡನ್ನು ಗುಣಿಸಿದರೆ 4k + 1 ಬಂದುಬಿಡುತ್ತದೆ. ಹಿಂದೆ ಕೈಹಿಡಿದ ಸಾಲೇ ಇಲ್ಲಿ ಕೈಕೊಡುತ್ತದೆ.

ಹೇಳಿಕೆಯೇನೋ ನಿಜ, ಸಾಧನೆಗೆ ಮಾತ್ರ ಬೇರೆ N ಬೇಕು. N = (2p₁p₂…pᵣ)² + 1 ಎಂದಿಟ್ಟರೆ ಕೆಲಸ ಆಗುತ್ತದೆ, ಏಕೆಂದರೆ x² + 1 ರೂಪದ ಸಂಖ್ಯೆಯನ್ನು ಭಾಗಿಸುವ ಬೆಸ ಅವಿಭಾಜ್ಯಗಳೆಲ್ಲ 4k + 1 ರೂಪದವು. ಇದು ಫರ್ಮಾನ ಕಿರು ಪ್ರಮೇಯದಿಂದ ಬರುತ್ತದೆ. ಪಟ್ಟಿಯಲ್ಲಿ 17 ಮಾತ್ರ ಇದ್ದರೆ 34² + 1 = 1157 = 13 × 89; ಎರಡೂ ಬೇಕಾದ ರೂಪದವೇ.

ಶೇಷ ಯಾವುದೇ ಆಗಲಿ, ಅದಕ್ಕೂ ಭಾಜಕಕ್ಕೂ 1ರ ಹೊರತು ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಅಂಥ ಅವಿಭಾಜ್ಯಗಳು ಅನಂತ ಎಂದು 1837ರಲ್ಲಿ ಡಿರಿಷ್ಲೆ ಸಾಧಿಸಿದ. ಆದರೆ ಅವನು ಬಳಸಿದ್ದು ಯೂಕ್ಲಿಡ್‌ನ ಉಪಾಯವನ್ನಲ್ಲ, ಅನಂತ ಶ್ರೇಣಿಗಳನ್ನು. ಯೂಕ್ಲಿಡ್‌ನ ದಾರಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದೂ ಈಗ ಗೊತ್ತಿದೆ. ಭಾಜಕ m, ಶೇಷ a ಆದಾಗ a² ಅನ್ನು m ನಿಂದ ಭಾಗಿಸಿ ಶೇಷ 1 ಬಂದರೆ ಆ ಬಗೆಯ ಸಾಧನೆ ಸಾಧ್ಯ ಎಂದು 1912ರಲ್ಲಿ ಇಸ್ಸಾಯ್ ಶೂರ್ ತೋರಿಸಿದ. ಬಾರದಿದ್ದರೆ ಅದು ಸಾಧ್ಯವೇ ಇಲ್ಲ ಎಂದು 1988ರಲ್ಲಿ ಎಂ. ರಾಮ್ ಮೂರ್ತಿ ತೋರಿಸಿದರು. 4ರ ಲೆಕ್ಕದಲ್ಲಿ 1 ಮತ್ತು 3 ಎರಡೂ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. 5k + 2 ರೂಪದ ಅವಿಭಾಜ್ಯಗಳಿಗೆ 2² = 4, ಶೇಷ 1 ಅಲ್ಲ. ಅಲ್ಲಿ ಹೊಸ N ಹುಡುಕುತ್ತ ಕುಳಿತ ವಿದ್ಯಾರ್ಥಿಗೆ ಅದು ಸಿಗುವುದಿಲ್ಲ.