‘ಮಧ್ಯೆ ಏನೇನೋ ಬಂತು ಸಾರ್’

ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸವನ್ನು ಸಾಮಾನ್ಯವಾಗಿ ಎರಡೆರಡು ವಾರಗಳ ಕಂತಿನಲ್ಲಿ ಮಾಡುತ್ತಾರೆ. ಒಂದೊಂದು ಕಂತೂ ಒಂದು ಸ್ಪ್ರಿಂಟ್. ಮೊದಲ ದಿನ ಎಲ್ಲರೂ ಕೂತು ಏನೇನು ಮುಗಿಸಬೇಕೆಂದು ಪಟ್ಟಿ ಮಾಡುತ್ತಾರೆ. ಕೊನೆಯ ದಿನ ನೋಡಿದರೆ ಪಟ್ಟಿಯಲ್ಲಿ ಅರ್ಧ ಹಾಗೇ ಉಳಿದಿರುತ್ತದೆ. ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧ: ‘ಮಧ್ಯೆ ಏನೇನೋ ಬಂತು ಸಾರ್.’

ಆ ‘ಏನೇನೋ’ ಎಷ್ಟು ಎಂದು ಅಳೆಯುವುದು ಕಷ್ಟವೇನಲ್ಲ, ಅಳೆಯುವವರು ಕಡಿಮೆ ಅಷ್ಟೇ.

ಸಂಬಳ ಲೆಕ್ಕ ಹಾಕುವ ಸಾಫ್ಟ್‌ವೇರ್ ನೋಡಿಕೊಳ್ಳುವ ಆರು ಜನರ ಒಂದು ಟೀಮನ್ನು ಊಹಿಸಿಕೊಳ್ಳಿ. ಆರು ಜನ, ಹತ್ತು ಕೆಲಸದ ದಿನ, ಒಟ್ಟು 60 ಆಳುದಿನ. ಅದರಲ್ಲಿ ರಜೆ, ಹಬ್ಬ, ಸಭೆ ಎಲ್ಲ ಕಳೆದರೆ 48 ಉಳಿಯಿತು ಎನ್ನಿ. ಭಾಗಿಸಬೇಕಾದದ್ದು ಈ 48ರಿಂದ. 60ರಿಂದ ಭಾಗಿಸಿದರೆ ಅಡಚಣೆ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ 10 ದಿನ ಹೋಗಿದ್ದರೆ ಅದು ಶೇ. 21.

ಯೋಜನೆಯಲ್ಲಿ ಇಲ್ಲದ ಕೆಲಸ ಯಾವುದು ಎಂಬುದನ್ನು ಮೊದಲೇ ಗೆರೆ ಎಳೆದು ಹೇಳಿಬಿಡಬೇಕು. ಪಟ್ಟಿ ಅಂತಿಮವಾದ ಮೇಲೆ ಒಳಗೆ ಬಂದದ್ದೆಲ್ಲ ಅದೇ. ಆದರೆ ಎರಡು ದಿನದ ಕೆಲಸ ನಾಲ್ಕು ದಿನ ಹಿಡಿದರೆ ಅದು ಇದಕ್ಕೆ ಸೇರುವುದಿಲ್ಲ, ಅದು ಅಂದಾಜಿನ ತಪ್ಪು. ಎರಡನ್ನೂ ಒಂದೇ ಖಾತೆಗೆ ಹಾಕಿದರೆ ತಪ್ಪು ಅಂದಾಜೆಲ್ಲ ಗ್ರಾಹಕರ ತಲೆಗೆ ಬರುತ್ತದೆ.

ಜಿರಾ ಬಳಸುವವರು ಇಂಥ ಟಿಕೆಟ್‌ಗೆ ಒಂದು ಲೇಬಲ್ ಅಂಟಿಸಿ, ಹೀಗೆ ಹುಡುಕಿದರೆ ಪಟ್ಟಿ ಸಿಗುತ್ತದೆ:

```
sprint = "Sprint 14" AND labels = unplanned
```

ಟಿಕೆಟ್ಟೇ ಆಗದ ಅಡಚಣೆಗಳದ್ದೇ ತೊಂದರೆ. ‘ಒಂದು ನಿಮಿಷ ಬಿಡುವಿದೆಯಾ?’ ಎಂದು ಬಂದವರು ಇಪ್ಪತ್ತು ನಿಮಿಷ ಕೂರುತ್ತಾರೆ. ಇದಕ್ಕೆ ಮೇಜಿನ ಮೇಲೊಂದು ಚೀಟಿ ಸಾಕು. ಒಬ್ಬರು ಬಂದರೆ ಒಂದು ಗೀಟು, ಒಂದು ಗೀಟಿಗೆ ಕಾಲು ಗಂಟೆ. ನಿಮಿಷ ನಿಮಿಷದ ಲೆಕ್ಕ ಕೇಳಿದರೆ ಎರಡನೇ ವಾರಕ್ಕೆ ಯಾರೂ ಬರೆಯುವುದಿಲ್ಲ.

ಒಂದು ಸ್ಪ್ರಿಂಟಿನ ಅಂಕಿಯಿಂದ ಏನನ್ನೂ ಹೇಳಲಾಗದು. ನಮ್ಮ ಟೀಮಿನ ಐದು ಸ್ಪ್ರಿಂಟುಗಳಲ್ಲಿ ಶೇ. 21, 20, 42, 24, 25 ಬಂತು ಎನ್ನೋಣ. ಸರಾಸರಿ ಶೇ. 26 ದಾಟುತ್ತದೆ. ಆದರೆ ಅದನ್ನು ಮೇಲೆತ್ತಿದ್ದು ಆ ಒಂದು 42. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 24 ಸಿಗುತ್ತದೆ, ಮುಂದಿನ ಯೋಜನೆಗೆ ಇದೇ ವಾಸಿ. ಮುಂದಿನ ಸ್ಪ್ರಿಂಟಿಗೆ 50 ಆಳುದಿನ ಸಿಗುವುದಾದರೆ 12ನ್ನು ಖಾಲಿ ಬಿಟ್ಟು, 38ಕ್ಕೆ ಮಾತ್ರ ಪಟ್ಟಿ ಮಾಡಬೇಕು.

ಹಾಗೆಂದು 42ನ್ನು ಮರೆಯುವಂತಿಲ್ಲ. ಆ ಸ್ಪ್ರಿಂಟ್ ಬಿದ್ದದ್ದು ಮಾರ್ಚ್ ಕೊನೆಗೆ. ವರ್ಷದ ತೆರಿಗೆಯಲ್ಲಿ ಬಾಕಿ ಇದ್ದದ್ದು ನೌಕರರ ಸಂಬಳದಲ್ಲಿ ಕಡಿತವಾಗುವ ತಿಂಗಳು ಅದು. ವಿಮೆ, ಬಾಡಿಗೆಯ ದಾಖಲೆ ಕೊಟ್ಟರೂ ಸಂಬಳದ ಚೀಟಿಯಲ್ಲಿ ತೆರಿಗೆ ಇಳಿದಿಲ್ಲ ಎಂದು ದೂರಿನ ಮೇಲೆ ದೂರು. ಅನಿರೀಕ್ಷಿತ ಎಂದು ಬರೆದುಕೊಂಡ ಈ ಕೆಲಸ ನಿಜಕ್ಕೂ ಪ್ರತಿ ವರ್ಷ ಹೇಳಿಕೇಳಿ ಬರುವಂಥದ್ದು. ಮುಂದಿನ ಮಾರ್ಚಿಗೆ ಅದು ಪಟ್ಟಿಯೊಳಗೇ ಇರಬೇಕು. ಐದೂ ಸ್ಪ್ರಿಂಟಿನ ಟಿಕೆಟ್‌ಗಳನ್ನು ಮೂಲದ ಪ್ರಕಾರ ಗುಂಪು ಮಾಡಿದಾಗ, ಒಟ್ಟು 63 ದಿನಗಳಲ್ಲಿ 24 ಈ ಒಂದೇ ದೋಷಕ್ಕೆ ಹೋಗಿವೆ, ಅದನ್ನು ಬೇರುಸಹಿತ ಸರಿಪಡಿಸಲು ಆರು ದಿನ ಸಾಕು ಎಂದು ತಿಳಿದರೆ? ‘ಈಗ ಪುರುಸೊತ್ತಿಲ್ಲ’ ಎನ್ನುವ ಮ್ಯಾನೇಜರ್ ಎದುರು ಇಡಲು ಇದಕ್ಕಿಂತ ಒಳ್ಳೆಯ ಕಾಗದ ಇನ್ನೊಂದಿಲ್ಲ.

ಖಾಲಿ ಬಿಟ್ಟ ಜಾಗ ಸುಮ್ಮನೆ ತುಂಬಿಕೊಳ್ಳುವುದಿಲ್ಲವೇ ಎಂಬ ಅನುಮಾನ ಸಹಜ. ಸ್ಕ್ರಮ್ ಪದ್ಧತಿಯನ್ನು ರೂಪಿಸಿದವರಲ್ಲಿ ಒಬ್ಬರಾದ ಜೆಫ್ ಸದರ್‌ಲ್ಯಾಂಡ್ ಇದಕ್ಕೊಂದು ಕಟ್ಟಳೆ ಹೇಳಿದ್ದಾರೆ. ಮಧ್ಯೆ ಬರುವ ಪ್ರತಿ ಕೋರಿಕೆಯೂ ಪ್ರಾಡಕ್ಟ್ ಓನರ್ ಕೈ ದಾಟಿಯೇ ಬರಬೇಕು. ಮೀಸಲು ಜಾಗ ಉಕ್ಕಿ ಹರಿದರೆ ಸ್ಪ್ರಿಂಟನ್ನೇ ಅಲ್ಲಿಗೆ ನಿಲ್ಲಿಸಿ ಹೊಸದಾಗಿ ಯೋಜಿಸಬೇಕು. ಒಬ್ಬರ ತುರ್ತಿಗೆ ಎಲ್ಲರ ಕೆಲಸ ಮುಂದಕ್ಕೆ ಹೋಗುತ್ತದೆಂದು ಗೊತ್ತಾದರೆ ‘ಅರ್ಜೆಂಟ್’ ಎನ್ನುವ ಮೊದಲು ಜನ ಯೋಚಿಸುತ್ತಾರೆ.

ಅಂಕಿ ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲೂ ದಾರಿ ಇದೆ. ಯೋಜಿಸಿದ್ದರಲ್ಲಿ ಅರ್ಧವಷ್ಟೇ ಮುಗಿದು, ಅಡಚಣೆ ಮಾತ್ರ ಶೇ. 8 ಎಂದು ಬರೆದಿದ್ದರೆ, ಒಂದೋ ಅಂದಾಜು ಕೆಟ್ಟಿದೆ, ಇಲ್ಲವೇ ಜನ ಬರೆಯುವುದನ್ನು ನಿಲ್ಲಿಸಿದ್ದಾರೆ. ಎರಡನೆಯದೇ ಹೆಚ್ಚು, ಅದರಲ್ಲೂ ‘ಯಾರ ಹೆಸರಿನಲ್ಲಿ ಜಾಸ್ತಿ ಇದೆ?’ ಎಂದು ಸಭೆಯಲ್ಲಿ ಒಮ್ಮೆ ಕೇಳಿದ ಮೇಲೆ. ಆದ್ದರಿಂದ ಟೀಮ್ ನಡೆಸುವವರಲ್ಲಿ ಒಂದೇ ವಿನಂತಿ: ಈ ಲೆಕ್ಕವನ್ನು ಟೀಮಿಗೆ ಒಟ್ಟಾಗಿ ಇಡಿ, ಆಳಿನ ಹೆಸರಿಗೆ ಬೇಡ.