ಮೊಡವೆ ಹೋಗಲಿ, ಮಚ್ಚೆ ಇರಲಿ

ನಿಶ್ಚಿತಾರ್ಥದ ಫೋಟೊ ತಿದ್ದುವವರಿಗೆ ಮದುಮಗಳು ‘ಚೆನ್ನಾಗಿ ಮಾಡಿ’ ಎಂದಷ್ಟೇ ಬರೆದರೆ ಸಾಲದು. ಫೈಲ್ ನಂಬರ್ ಸಮೇತ ಹೀಗೆ ಬರೆಯಬೇಕು: “4127ರಲ್ಲಿ ಗಲ್ಲದ ಮೊಡವೆ, ಹಣೆಯ ಬೆವರಿನ ಹೊಳಪು ತೆಗೆಯಿರಿ. ತುಟಿ ಮೇಲಿನ ಮಚ್ಚೆ ಹುಟ್ಟಿನಿಂದ ಬಂದದ್ದು, ಇರಲಿ. ಮೈಬಣ್ಣ ಬೆಳ್ಳಗೆ ಮಾಡಬೇಡಿ, ತೋಳು ಸಣ್ಣ ಮಾಡಬೇಡಿ.”

ಕೊನೆಯ ಎರಡು ಮಾತು ನನಗೆ ಬಹಳ ಮುಖ್ಯ. ಮುಖವನ್ನಷ್ಟೇ ಬೆಳ್ಳಗಾಗಿಸಿದರೆ ಕತ್ತು, ಕೈ ಬೇರೆ ಬಣ್ಣದಲ್ಲಿ ಉಳಿಯುತ್ತವೆ. ಇಡೀ ಚಿತ್ರದ ಬೆಳಕು ಏರಿಸಿದರೆ ಸೀರೆಯ ಜರಿ ಬಿಳಿಚಿಕೊಂಡು ಕುಸುರಿಯೇ ಅಳಿಸಿಹೋಗುತ್ತದೆ. ಫೋಟೊಶಾಪಿನ ಲಿಕ್ವಿಫೈಯಲ್ಲಿ ತೋಳನ್ನು ಒಳಕ್ಕೆ ತಳ್ಳಿದರೆ ಪಕ್ಕದ ಕಂಬ, ಬಾಗಿಲ ಚೌಕಟ್ಟೂ ಜೊತೆಗೆ ಬಾಗಬಹುದು. ತಿದ್ದಿದ್ದು ಸಿಕ್ಕಿಬೀಳುವುದು ಅಲ್ಲೇ.

ಮೊದಲು ಒಂದೇ ಫೋಟೊ ತರಿಸಿಕೊಂಡು ದೊಡ್ಡದು ಮಾಡಿ ನೋಡಿ. ಕೆನ್ನೆಯ ಮೇಲೆ ಚರ್ಮದ ಸಣ್ಣ ರಂಧ್ರಗಳು ಕಂಡರೆ ಉಳಿದವನ್ನು ಒಪ್ಪಿಸಿ.